ಎರಡು ಸಾವಿರದ ಸೆನ್ಸರ್ ಮಾತನ್ನು ಎಷ್ಟು ನಂಬಬಹುದು? ಒಂದು ಕ್ಯಾಂಪಸ್‌ನ ಧೂಳಿನ ಲೆಕ್ಕ

ಕ್ಯಾಂಪಸ್‌ನ ಗಾಳಿ ಕೆಟ್ಟಿದೆ ಅಂತ ಗೊತ್ತಾಗೋಕೆ ಮೂಗು ಸಾಕು. ಆಡಳಿತದವರ ಮುಂದೆ ಕೂತು ಉತ್ತರ ಕೇಳಬೇಕು ಅಂದರೆ ಮಾತ್ರ ಸಂಖ್ಯೆ ಬೇಕಾಗುತ್ತದೆ. ಆ ಸಂಖ್ಯೆ ಎಲ್ಲಿಂದ ಬಂತು, ಎಷ್ಟು ಗಟ್ಟಿ ಅನ್ನುವುದು ನಮಗೇ ಗೊತ್ತಿಲ್ಲದಿದ್ದರೆ, ಮೊದಲ ಪ್ರಶ್ನೆಗೇ ನಮ್ಮ ಬಾಯಿ ಕಟ್ಟುತ್ತದೆ.

ನಾನು ಓದುತ್ತಿರುವುದು ಬೆಂಗಳೂರಿನ ಒಂದು ಕ್ಯಾಂಪಸ್‌ನಲ್ಲಿ. ಮುಂದುಗಡೆ ಬಸ್ಸು, ಲಾರಿ ಎಡೆಬಿಡದೆ ಓಡುವ ಮುಖ್ಯರಸ್ತೆ. ಹಿಂದುಗಡೆ ಹೊಸ ಬ್ಲಾಕ್ ಏಳುತ್ತಿದೆ. ಎಂ-ಸ್ಯಾಂಡ್ ರಾಶಿಗಳು ಹೊದಿಕೆಯಿಲ್ಲದೆ ಬಿದ್ದಿವೆ. ಬೆಳಗ್ಗೆ ಆರು ಗಂಟೆಗೆ ಸ್ವಚ್ಛತಾ ಕೆಲಸದ ಹೆಂಗಸರು ಒಣ ರಸ್ತೆಯನ್ನೇ ಗುಡಿಸುತ್ತಾರೆ. ಅವರ ಮೂಗಿಗೆ ಸೆರಗು ಬಿಟ್ಟರೆ ಬೇರೆ ರಕ್ಷಣೆ ಇಲ್ಲ. ರಾಶಿಗೆ ಹೊದಿಕೆ ಹಾಕಿ, ಗುಡಿಸುವ ಮುಂಚೆ ನೀರು ಚಿಮುಕಿಸಿ, ಗುಡಿಸುವವರಿಗೆ ಸರಿಯಾದ ಮಾಸ್ಕ್ ಕೊಡಿ ಅಂತ ವಿದ್ಯಾರ್ಥಿಗಳು ಮತ್ತು ಆ ಹೆಂಗಸರು ಸೇರಿ ಕೇಳಿದೆವು. ಸೆನ್ಸರ್ ಇಟ್ಟು ಅಳೆಯುತ್ತೇವೆ ಅಂದಾಗ ಬಂದ ಉತ್ತರ ಇದು: "ನಿಮ್ಮ ಆಟಿಕೆ ತೋರಿಸಿದ ನಂಬರ್ ಇಟ್ಟುಕೊಂಡು ನಾವು ಕಂಟ್ರಾಕ್ಟರ್‌ನ ಕೇಳೋಕಾಗುತ್ತಾ?"

ವ್ಯಂಗ್ಯವನ್ನು ಪಕ್ಕಕ್ಕಿಟ್ಟರೆ, ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಹುಡುಕುತ್ತಾ ಜನವರಿ, ಫೆಬ್ರವರಿಯಲ್ಲಿ ನಾವು ಐದು ಜನ ಮಾಡಿದ ಕೆಲಸದ ಲೆಕ್ಕ ಇಲ್ಲಿದೆ.

ಡಬ್ಬಿಯೊಳಗೆ ಏನಿದೆ?

ನಾವು ಬಳಸಿದ್ದು ಪ್ಲಾನ್‌ಟವರ್ ಕಂಪನಿಯ ಪಿಎಂಎಸ್ 5003 ಅನ್ನುವ ಸೆನ್ಸರ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಬೆಲೆ ಎರಡು ಸಾವಿರ ರೂಪಾಯಿ ಆಸುಪಾಸು. ಒಳಗೆ ಒಂದು ಪುಟ್ಟ ಫ್ಯಾನು ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿಯ ಮೇಲೆ ಲೇಸರ್ ಬೆಳಕು ಬೀಳುತ್ತದೆ. ಕಣಗಳಿಗೆ ತಾಗಿ ಚದುರಿದ ಬೆಳಕನ್ನು ಪಕ್ಕದಲ್ಲಿರುವ ಒಂದು ಬೆಳಕುಗ್ರಾಹಕ ಹಿಡಿಯುತ್ತದೆ. ಚದುರಿದ ಬೆಳಕಿನಿಂದ ಕಣಗಳು ಎಷ್ಟಿರಬಹುದು, ಎಷ್ಟು ದಪ್ಪ ಇರಬಹುದು, ಅವುಗಳ ತೂಕ ಎಷ್ಟಾಗಬಹುದು ಅಂತ ಒಳಗಿನ ಚಿಪ್ ಅಂದಾಜು ಮಾಡಿ, ಒಂದು ಘನ ಮೀಟರ್ ಗಾಳಿಗೆ ಇಷ್ಟು ಮೈಕ್ರೋಗ್ರಾಂ ಎಂದು ತೋರಿಸುತ್ತದೆ.

ಇಲ್ಲಿ ಮುಖ್ಯವಾದ ಮಾತು 'ಅಂದಾಜು'. ಈ ಸೆನ್ಸರ್ ಏನನ್ನೂ ತೂಗುವುದಿಲ್ಲ. ಕಣ ಯಾವ ವಸ್ತುವಿನದು, ಒಣಗಿದೆಯೋ ನೆನೆದಿದೆಯೋ ಅನ್ನುವುದು ಅದಕ್ಕೆ ಗೊತ್ತಿಲ್ಲ. ಕಾರ್ಖಾನೆಯಲ್ಲಿ ಯಾವುದೋ ಒಂದು ಬಗೆಯ ಕಣಕ್ಕೆ ಹೊಂದಿಸಿದ ಲೆಕ್ಕವನ್ನೇ ಅದು ನಮ್ಮ ಡೀಸೆಲ್ ಹೊಗೆಗೂ, ನಮ್ಮ ರಸ್ತೆಯ ಮಣ್ಣಿಗೂ ಹಾಕುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ನಿರಂತರ ಮಾಪನ ಕೇಂದ್ರಗಳ ಕ್ರಮ ಬೇರೆ. ಅಲ್ಲಿ ಸಾಮಾನ್ಯವಾಗಿ ಬಳಸುವ ಯಂತ್ರ ಗಾಳಿಯನ್ನು ಬಿಸಿ ಕೊಳವೆಯಲ್ಲಿ ಹಾಯಿಸಿ ತೇವ ತೆಗೆಯುತ್ತದೆ, ಕಣಗಳನ್ನು ಒಂದು ಫಿಲ್ಟರ್ ಪಟ್ಟಿಯ ಮೇಲೆ ಕೂರಿಸುತ್ತದೆ, ಆ ಪಟ್ಟಿಯ ಮೂಲಕ ಬೀಟಾ ಕಿರಣ ಎಷ್ಟು ತಗ್ಗಿ ಹೊರಬರುತ್ತದೆ ಎಂದು ನೋಡಿ ತೂಕವನ್ನು ಲೆಕ್ಕ ಹಾಕುತ್ತದೆ. ಲಕ್ಷಗಟ್ಟಲೆ ರೂಪಾಯಿ ಹೋಗುವುದು ಈ ಕೆಲಸಕ್ಕೆ.

ಮೊದಲ ಪರೀಕ್ಷೆ: ಎಲ್ಲವನ್ನೂ ಒಂದೇ ಕಡೆ ಇಡುವುದು

ನಮ್ಮ ಹತ್ತಿರ ನಾಲ್ಕು ಸೆನ್ಸರ್ ಇದ್ದವು. ಒಂದೊಂದನ್ನೂ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಗಾಳಿ ಎಳೆಯುವ ಬಾಯಿ ಕೆಳಮುಖವಾಗಿರುವಂತೆ ಕೂರಿಸಿ, ಜೊತೆಗೆ ತಾಪಮಾನ ಮತ್ತು ತೇವಾಂಶ ಅಳೆಯುವ ಇನ್ನೊಂದು ಚಿಕ್ಕ ಸೆನ್ಸರ್ ಸೇರಿಸಿದೆವು. ಮ್ಯಾಪ್ ಮಾಡಲು ಹೊರಡುವ ಮುನ್ನ ನಾಲ್ಕನ್ನೂ ಗ್ರಂಥಾಲಯದ ಮೊದಲ ಮಹಡಿಯ ಬಾಲ್ಕನಿಯಲ್ಲಿ, ನೆರಳಿನಲ್ಲಿ, ಒಂದರ ಪಕ್ಕ ಒಂದು ಇಟ್ಟು ಮೂರು ದಿನ ಬಿಟ್ಟೆವು.

ಒಂದೇ ಗಾಳಿಯನ್ನು ಕುಡಿಯುತ್ತಿರುವ ನಾಲ್ಕೂ ಒಂದೇ ಮಾತು ಹೇಳಬೇಕು. ಮೂರು ಹೆಚ್ಚುಕಮ್ಮಿ ಹೇಳಿದವು. ಗಂಟೆಯ ಸರಾಸರಿಯಲ್ಲಿ ಅವುಗಳ ನಡುವಿನ ಅಂತರ ಶೇ. 8ರೊಳಗೆ ಇತ್ತು. ನಾಲ್ಕನೆಯದು ಮಾತ್ರ ಹಗಲೂ ರಾತ್ರಿ ಉಳಿದವಕ್ಕಿಂತ 1.3 ಪಟ್ಟು ಹೆಚ್ಚು ತೋರಿಸುತ್ತಿತ್ತು. ಇದು ಗಾಬರಿಯಾಗುವ ವಿಷಯವಲ್ಲ. ಹೆಚ್ಚು ತೋರಿಸುವುದಾದರೂ ಒಂದೇ ಸಮ ಹೆಚ್ಚು ತೋರಿಸುತ್ತಿದ್ದರೆ, ಅದರ ರೀಡಿಂಗನ್ನು 1.3ರಿಂದ ಭಾಗಿಸಿದರೆ ಆಯಿತು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಅಂತ ಓಲಾಡುತ್ತಿದ್ದರೆ ಮಾತ್ರ ಅದನ್ನು ಪಕ್ಕಕ್ಕಿಡಬೇಕು. ಕಂಪನಿಯ ಮಾಹಿತಿ ಪತ್ರದಲ್ಲೇ 100ಕ್ಕಿಂತ ಕೆಳಗಿನ ರೀಡಿಂಗ್‌ಗಳಿಗೆ 10 ಮೈಕ್ರೋಗ್ರಾಂ ಆಚೀಚೆ ಆಗಬಹುದು ಎಂದಿದೆ. ಬೆಂಗಳೂರಿನಂಥ ಊರಲ್ಲಿ ನಿಜವಾದ ಪ್ರಮಾಣವೇ 30-40 ಇರುವ ದಿನಗಳು ಬೇಕಾದಷ್ಟಿವೆ. ಅಂಥ ದಿನ 10ರ ವ್ಯತ್ಯಾಸ ಸಣ್ಣದೇನಲ್ಲ.

ಕೆಲಸ ಮುಗಿದ ಮೇಲೆ ಇದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು. ಫ್ಯಾನಿಗೆ ಧೂಳು ಕಟ್ಟಿ, ಲೇಸರ್ ಮಂಕಾಗಿ ಸೆನ್ಸರ್ ನಿಧಾನವಾಗಿ ದಾರಿ ತಪ್ಪಬಹುದು. ಮೊದಲಿನ ಅನುಪಾತವೇ ಕೊನೆಗೂ ಬಂದರೆ ನಡುವಿನ ರೀಡಿಂಗ್‌ಗಳಿಗೆ ಬಲ ಬರುತ್ತದೆ. ನಮ್ಮಲ್ಲಿ ಬಂತು.

ಮಂಜಿನ ಬೆಳಗು ಮತ್ತು ಸುಳ್ಳು ಏರಿಕೆ

ನಮ್ಮ ಬಾಲ್ಕನಿಯ ಗ್ರಾಫ್ ಪ್ರತಿದಿನ ಬೆಳಗ್ಗೆ ಐದರಿಂದ ಎಂಟರವರೆಗೆ ಗುಡ್ಡದ ಹಾಗೆ ಏರುತ್ತಿತ್ತು. ಸರಿಯಾಗಿ ಗುಡಿಸುವ ಹೊತ್ತು! ಅದನ್ನೇ ಪೋಸ್ಟರ್ ಮಾಡಿ ಅಂಟಿಸುವ ಆಸೆ ಯಾರಿಗಾದರೂ ಬರುತ್ತದೆ. ಆದರೆ ಅದೇ ಹೊತ್ತಿಗೆ ತೇವಾಂಶವೂ ಶೇ. 85 ದಾಟುತ್ತಿತ್ತು.

ಗಾಳಿಯಲ್ಲಿರುವ ಎಷ್ಟೋ ಕಣಗಳು ತೇವವನ್ನು ಹೀರಿ ಉಬ್ಬುತ್ತವೆ. ಉಬ್ಬಿದ ಕಣ ಹೆಚ್ಚು ಬೆಳಕನ್ನು ಚದುರಿಸುತ್ತದೆ. ಮಂಜಿನ ಹನಿಯನ್ನೂ ಸೆನ್ಸರ್ ಕಣ ಅಂತಲೇ ಎಣಿಸುತ್ತದೆ. ಮಂಡಳಿಯ ಯಂತ್ರ ಗಾಳಿಯನ್ನು ಬಿಸಿ ಮಾಡಿ ಒಣಗಿಸುವುದರಿಂದ ಅದಕ್ಕೆ ಈ ತೊಂದರೆ ಬಹಳ ಕಡಿಮೆ.

ಇದನ್ನು ಪತ್ತೆ ಹಚ್ಚುವುದು ಕಷ್ಟವಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವೆಬ್‌ಸೈಟಿನಲ್ಲಿ ಪ್ರತಿ ಕೇಂದ್ರದ ಗಂಟೆವಾರು ಅಂಕಿಗಳು ಸಿಗುತ್ತವೆ. ನಮಗೆ ಸುಮಾರು ಮೂರು ಕಿಲೋಮೀಟರ್ ದೂರದ ಕೇಂದ್ರದ ಪಿಎಂ 2.5 ಅಂಕಿಗಳನ್ನು ನಮ್ಮ ಗಂಟೆಯ ಸರಾಸರಿಯ ಪಕ್ಕ ಇಟ್ಟು ನೋಡಿದೆವು. ಮಧ್ಯಾಹ್ನ, ತೇವಾಂಶ ಶೇ. 60ಕ್ಕಿಂತ ಕಡಿಮೆ ಇದ್ದಾಗ, ನಮ್ಮದು ಅವರದಕ್ಕಿಂತ ಸುಮಾರು 1.3 ಪಟ್ಟು. ಮಂಜಿನ ಬೆಳಗಿನಲ್ಲಿ ಸುಮಾರು ಎರಡು ಪಟ್ಟು. ಅಂದರೆ ಬೆಳಗಿನ ಗುಡ್ಡದಲ್ಲಿ ದೊಡ್ಡ ಪಾಲು ನೀರಿನದು. ಮೂರು ಕಿಲೋಮೀಟರ್ ದೂರದ ಕೇಂದ್ರ ನಮ್ಮ ಗಾಳಿಯನ್ನು ಅಳೆಯುತ್ತಿಲ್ಲ, ನಿಜ. ಹಾಗಾಗಿ 1.3 ಅನ್ನುವುದನ್ನು ತಿದ್ದುಪಡಿಯ ಸೂತ್ರ ಅಂತ ಹಿಡಿಯುವಂತಿಲ್ಲ. ಆದರೆ ಊರಿನ ಗಾಳಿ ಏರಿ ಇಳಿಯುವ ರೀತಿ ಹೋಲಿಸಲು ಅದು ಸಾಕು.

ಹಾಗಾದರೆ ಸಿದ್ಧ ಸೂತ್ರ ಇಲ್ಲವೇ? ಇದೆ. ಇದೇ ಸೆನ್ಸರ್ ಇರುವ ಪರ್ಪಲ್‌ಏರ್ ಡಬ್ಬಿಗಳಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಸೂತ್ರ ಇದು:

```
PM2.5 = 0.524 × PA − 0.0862 × RH + 5.75
```

ಇಲ್ಲಿ `PA` ಸೆನ್ಸರ್ ತೋರಿಸಿದ್ದು, `RH` ತೇವಾಂಶ. ಸೆನ್ಸರ್ 60 ತೋರಿಸಿ ತೇವಾಂಶ ಶೇ. 50 ಇದ್ದರೆ, ಈ ಸೂತ್ರದ ಪ್ರಕಾರ ಉತ್ತರ ಸುಮಾರು 33. ಅರವತ್ತು ಎಲ್ಲಿ, ಮೂವತ್ತಮೂರು ಎಲ್ಲಿ! ತಿದ್ದುಪಡಿ ಎಷ್ಟು ದೊಡ್ಡದಿರಬಹುದು ಎಂದು ಇದರಿಂದ ಗೊತ್ತಾಗುತ್ತದೆ. ಹಾಗಂತ ಇದನ್ನೇ ಎತ್ತಿ ಬೆಂಗಳೂರಿಗೆ ಹಾಕುವಂತಿಲ್ಲ. ಅದು ಅಮೆರಿಕದ ಗಾಳಿಯಲ್ಲಿರುವ ಕಣಗಳಿಗೆ, ಅಲ್ಲಿನ ಅಧಿಕೃತ ಯಂತ್ರಗಳ ಪಕ್ಕದಲ್ಲಿಟ್ಟು ಕಂಡುಕೊಂಡ ಸೂತ್ರ. ನಮಗೆ ನಮ್ಮದೇ ಬೇಕಾದರೆ ಸೆನ್ಸರನ್ನು ಮಂಡಳಿಯ ಕೇಂದ್ರದ ಪಕ್ಕದಲ್ಲೇ ಕೆಲವು ವಾರ ಇಡಬೇಕು, ಮಳೆಗಾಲಕ್ಕೆ ಬೇರೆ, ಬೇಸಿಗೆಗೆ ಬೇರೆ.

ನಮಗೆ ಆ ಅವಕಾಶ ಇರಲಿಲ್ಲ. ಆದ್ದರಿಂದ ಎರಡು ನಿಯಮ ಮಾಡಿಕೊಂಡೆವು. ತೇವಾಂಶ ಶೇ. 80 ದಾಟಿದ ಗಂಟೆಗಳನ್ನು ಬೇರೆ ಗಂಟೆಗಳ ಜೊತೆ ಹೋಲಿಸುವುದಿಲ್ಲ. ಎರಡನೆಯದು, ಗಾಳಿ 'ಎಷ್ಟು' ಕೆಟ್ಟಿದೆ ಎಂದು ಹೇಳುವುದಿಲ್ಲ. ಅದೇ ಹೊತ್ತಿನಲ್ಲಿ 'ಎಲ್ಲಿಗಿಂತ ಎಲ್ಲಿ' ಕೆಟ್ಟಿದೆ ಎಂದು ಮಾತ್ರ ಹೇಳುತ್ತೇವೆ. ಒಂದೇ ನಿಮಿಷದಲ್ಲಿ, ಒಂದೇ ತೇವದಲ್ಲಿ ಎರಡು ಜಾಗ ನೋಡಿದರೆ ಮಂಜಿನ ಸುಳ್ಳು ಎರಡೂ ಕಡೆ ಹೆಚ್ಚುಕಮ್ಮಿ ಸಮ ಇರುತ್ತದೆ.

ನಡೆದು ಮಾಡಿದ ಮ್ಯಾಪ್

ಸೆನ್ಸರ್ ಕೈಯಲ್ಲಿ ಹಿಡಿದು ಕ್ಯಾಂಪಸ್ ಸುತ್ತಿ, ಬಂದ ನಂಬರ್‌ಗಳಿಗೆ ಬಣ್ಣ ಹಚ್ಚಿದರೆ ಮ್ಯಾಪ್ ಆಗಿಬಿಡುತ್ತದೆ ಅಂತ ಅನ್ನಿಸಬಹುದು. ಆದರೆ ಒಂದು ಸುತ್ತಿಗೆ ಎರಡು ಗಂಟೆ ಬೇಕು. ಅಷ್ಟರಲ್ಲಿ ಇಡೀ ಊರಿನ ಗಾಳಿಯೇ ಬದಲಾಗಿರುತ್ತದೆ. ಎಂಟು ಗಂಟೆಗೆ ಗೇಟಿನಲ್ಲಿ 70, ಹತ್ತು ಗಂಟೆಗೆ ಹಾಸ್ಟೆಲಿನಲ್ಲಿ 45 ಬಂದರೆ, ಅದು ಜಾಗದ ವ್ಯತ್ಯಾಸವೋ ಹೊತ್ತಿನ ವ್ಯತ್ಯಾಸವೋ ಹೇಳಲಾಗದು.

ಅದಕ್ಕೇ ಒಂದು ಡಬ್ಬಿಯನ್ನು ಬಾಲ್ಕನಿಯಲ್ಲೇ ಬಿಟ್ಟೆವು. ಇನ್ನೊಂದನ್ನು ಹಿಡಿದು ಹನ್ನೆರಡು ಜಾಗಗಳಿಗೆ ಹೋದೆವು. ಪ್ರತಿ ಜಾಗದಲ್ಲಿ ಹತ್ತು ನಿಮಿಷ ನಿಂತು, ಆ ಹತ್ತು ನಿಮಿಷದ ಸರಾಸರಿಯನ್ನು ಅದೇ ಹತ್ತು ನಿಮಿಷದ ಬಾಲ್ಕನಿಯ ಸರಾಸರಿಯಿಂದ ಭಾಗಿಸಿದೆವು. ಮ್ಯಾಪ್ ಮೇಲೆ ಬರೆದಿದ್ದು ಈ ಅನುಪಾತವನ್ನು, ಮೈಕ್ರೋಗ್ರಾಂಗಳನ್ನಲ್ಲ. ಹತ್ತು ಸುತ್ತು ಹಾಕಿದೆವು. ಪ್ರತಿ ಸಲ ಜಾಗಗಳ ಸರದಿ ಬದಲಿಸಿ, ಬೇರೆ ಬೇರೆ ಹೊತ್ತಿನಲ್ಲಿ.

ಫಲಿತಾಂಶ ಹೀಗಿತ್ತು. ಮುಖ್ಯ ಗೇಟಿನ ಬಸ್‌ಸ್ಟಾಪ್ ಬಾಲ್ಕನಿಯ 1.5 ಪಟ್ಟು. ಹತ್ತೂ ಸುತ್ತಿನಲ್ಲಿ ಅದು 1.3ಕ್ಕೆ ಇಳಿಯಲಿಲ್ಲ ಅಥವಾ ಅಲ್ಲೇ ನಿಂತಿತು, 1.8ಕ್ಕೆ ಮೇಲೆ ಹೋಗಲಿಲ್ಲ. ಕ್ಯಾಂಟೀನಿನ ಹಿಂದೆ, ಸೌದೆ ಒಲೆ ಇರುವ ಕಡೆ, 1.4. ಹಾಸ್ಟೆಲ್ ಹತ್ತಿರ 1. ಡೀಸೆಲ್ ಜನರೇಟರ್ ಶೆಡ್ಡಿನ ಪಕ್ಕ ಕರೆಂಟ್ ಇದ್ದಾಗ 1, ಕರೆಂಟ್ ಹೋದಾಗ 3. ಸೆನ್ಸರ್‌ಗಳ ನಡುವಿನ ಅಂತರವೇ ಶೇ. 8 ಇರುವಾಗ 1.05 ಬಂದರೆ ಅದಕ್ಕೆ ಅರ್ಥವಿಲ್ಲ. ಆದರೆ ಹತ್ತಕ್ಕೆ ಹತ್ತು ಸಲ 1.3ರಿಂದ 1.8ರ ನಡುವೆ ಬರುವ ಗೇಟಿಗೆ ಅರ್ಥ ಇದೆ.

ಹೊಸ ಬ್ಲಾಕ್‌ನ ಕಟ್ಟಡದ ಪಕ್ಕ ಎಷ್ಟು ಬಂತು? 1.05.

ಕಣ್ಣಿಗೆ ಕಾಣುವ ಧೂಳು ಸೆನ್ಸರಿಗೆ ಕಾಣುವುದಿಲ್ಲ

ನಿಂತವರ ಕಣ್ಣಿಗೆ ಮರಳು ಬೀಳುತ್ತಿತ್ತು, ಹಲ್ಲಿನ ನಡುವೆ ಕರಕರ ಅನ್ನುತ್ತಿತ್ತು. ಸೆನ್ಸರ್ ಮಾತ್ರ ಇಲ್ಲಿ ಏನೂ ಇಲ್ಲ ಅನ್ನುತ್ತಿತ್ತು. ಈ ಅಗ್ಗದ ಸೆನ್ಸರಿನ ಬಗ್ಗೆ ತಿಳಿಯಬೇಕಾದ ಅತಿ ಮುಖ್ಯ ಸಂಗತಿ ಇದೇ.

ಪಿಎಂ 2.5 ಅಂದರೆ 2.5 ಮೈಕ್ರೋಮೀಟರ್‌ಗಿಂತ ಚಿಕ್ಕ ಕಣಗಳು. ಹೊಗೆ ಹೆಚ್ಚಾಗಿ ಈ ಗುಂಪಿನದು. ಪಿಎಂ 10ರಲ್ಲಿ ಇವೂ ಸೇರುತ್ತವೆ, 10 ಮೈಕ್ರೋಮೀಟರ್‌ವರೆಗಿನ ದಪ್ಪ ಕಣಗಳೂ ಸೇರುತ್ತವೆ. ರಸ್ತೆ ಮಣ್ಣು, ಸಿಮೆಂಟು, ಎಂ-ಸ್ಯಾಂಡ್ ಧೂಳಿನ ತೂಕ ಬಹುಪಾಲು ಈ ದಪ್ಪ ಕಣಗಳಲ್ಲಿ ಮತ್ತು ಅವಕ್ಕಿಂತಲೂ ದೊಡ್ಡವುಗಳಲ್ಲಿ ಇರುತ್ತದೆ. ಸೆನ್ಸರಿನ ಪುಟ್ಟ ಫ್ಯಾನು ಭಾರದ ಕಣಗಳನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಒಳದಾರಿಯ ತಿರುವಿನಲ್ಲಿ ಅವು ಗೋಡೆಗೆ ಬಡಿದು ನಿಲ್ಲುತ್ತವೆ. ಹಾಯ್ದು ಬಂದ ಕೆಲವನ್ನೂ ಲೇಸರ್ ಸರಿಯಾಗಿ ಗುರುತಿಸುವುದಿಲ್ಲ. ಆದರೂ ಸ್ಕ್ರೀನ್ ಮೇಲೆ ಪಿಎಂ 10 ಅಂತ ಒಂದು ನಂಬರ್ ಬರುತ್ತದೆ! ಅದು ಬಹುಮಟ್ಟಿಗೆ ಚಿಕ್ಕ ಕಣಗಳನ್ನು ನೋಡಿ ದಪ್ಪ ಕಣಗಳ ಬಗ್ಗೆ ಊಹಿಸಿದ್ದು.

ಇದನ್ನು ಯಾರು ಬೇಕಾದರೂ ಹಿಡಿಯಬಹುದು. ಸೆನ್ಸರಿನ ಪಿಎಂ 10 ಅನ್ನು ಅದರದೇ ಪಿಎಂ 2.5ರಿಂದ ಭಾಗಿಸಿ ನೋಡಿ. ನಮ್ಮ ಹನ್ನೆರಡೂ ಜಾಗಗಳಲ್ಲಿ ಉತ್ತರ 1.1ರಿಂದ 1.2. ಗೇಟಿನಲ್ಲೂ ಅಷ್ಟೇ, ಮರಳು ರಾಶಿಯ ಪಕ್ಕದಲ್ಲೂ ಅಷ್ಟೇ. ಅದೇ ದಿನಗಳಲ್ಲಿ ಮಂಡಳಿಯ ಕೇಂದ್ರದಲ್ಲಿ ಈ ಅನುಪಾತ ಎರಡರ ಆಸುಪಾಸು, ಅದೂ ಗಂಟೆಗಂಟೆಗೆ ಬದಲಾಗುತ್ತಿತ್ತು. ಎಲ್ಲಿ ಹೋದರೂ ಬದಲಾಗದ ಅನುಪಾತ ಅಳತೆಯಲ್ಲ, ಲೆಕ್ಕದ ಛಾಯೆ. ಇನ್ನೂ ಸುಲಭದ ಪರೀಕ್ಷೆ ಬೇಕಾದರೆ, ಒಂದು ಮೀಟರ್ ದೂರದಲ್ಲಿ ಊದುಬತ್ತಿ ಹಚ್ಚಿ. ರೀಡಿಂಗ್ ನೂರಾರಕ್ಕೆ ಜಿಗಿಯುತ್ತದೆ. ಆಮೇಲೆ ಅದೇ ದೂರದಲ್ಲಿ ರಸ್ತೆಯ ಒಣ ಮಣ್ಣನ್ನು ಜರಡಿ ಹಿಡಿದು ಉದುರಿಸಿ. ಕಣ್ಣಿಗೆ ಮೋಡದಂತೆ ಕಂಡರೂ ರೀಡಿಂಗ್ ಅಲ್ಪಸ್ವಲ್ಪ ಏರಿ ಸುಮ್ಮನಾಗುತ್ತದೆ.

ಗುಡಿಸುವ ಹೊತ್ತಿನಲ್ಲೂ ಹೀಗೇ ಆಯಿತು. ಗುಡಿಸುತ್ತಿದ್ದ ರಸ್ತೆಯಲ್ಲಿ ಒಂದು ಡಬ್ಬಿ, ಗುಡಿಸದ ರಸ್ತೆಯಲ್ಲಿ ಒಂದು ಡಬ್ಬಿ ಏಕಕಾಲಕ್ಕೆ ಇಟ್ಟೆವು. ವ್ಯತ್ಯಾಸ ಶೇ. 10. ಇದನ್ನು ಹಾಗೇ ಕೊಟ್ಟಿದ್ದರೆ ಆಡಳಿತದವರು ಅದನ್ನೇ ಹಿಡಿದುಕೊಂಡು "ನೋಡಿ, ನಿಮ್ಮ ಸೆನ್ಸರೇ ಧೂಳಿಲ್ಲ ಅನ್ನುತ್ತಿದೆ" ಅನ್ನಬಹುದಿತ್ತು. ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಬಹಳ ದುಬಾರಿ.

ದಪ್ಪ ಧೂಳಿಗೆ ಹಳೆಯ ಸರಳ ವಿಧಾನವೇ ವಾಸಿ. 25 ಸೆಂಟಿಮೀಟರ್ ಬಾಯಿಯ ಎರಡು ಬಕೆಟ್‌ಗಳಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಒಂದನ್ನು ಕಟ್ಟಡದ ಪಕ್ಕ, ಒಂದನ್ನು ಗ್ರಂಥಾಲಯದ ಪಕ್ಕ, ಎರಡನ್ನೂ ಒಂದೇ ಎತ್ತರದ ಸ್ಟೂಲಿನ ಮೇಲೆ ಏಳು ದಿನ ಇಟ್ಟೆವು. ಎಲೆ, ಹುಳ ತೆಗೆದು, ಮೊದಲೇ ತೂಕ ಮಾಡಿದ ಫಿಲ್ಟರ್ ಪೇಪರಿನಲ್ಲಿ ಸೋಸಿ, ಒಣಗಿಸಿ, ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿಯಲ್ಲಿ ತೂಗಿದೆವು. ಗ್ರಂಥಾಲಯದಲ್ಲಿ 0.04 ಗ್ರಾಂ, ಕಟ್ಟಡದ ಪಕ್ಕ 0.18 ಗ್ರಾಂ. ನಾಲ್ಕೂವರೆ ಪಟ್ಟು. ಇದು ಬಿದ್ದ ಧೂಳಿನ ಲೆಕ್ಕ, ಉಸಿರಾಡಿದ ಧೂಳಿನದಲ್ಲ. ಇದನ್ನು ಪಿಎಂ 10 ಎಂದು ಕರೆಯುವಂತಿಲ್ಲ. ಆದರೆ 'ಕಟ್ಟಡದ ಪಕ್ಕ ಧೂಳಿಲ್ಲ' ಅನ್ನುವ ಮಾತನ್ನು ಮುಗಿಸಲು ಇದು ಸಾಕು.

ಏನು ಹೇಳಬಹುದು, ಏನು ಹೇಳಬಾರದು

ನಮ್ಮ ದೇಶದ ಮಾನದಂಡದಲ್ಲಿ ಪಿಎಂ 2.5ಕ್ಕೆ 24 ಗಂಟೆಯ ಸರಾಸರಿ ಮಿತಿ 60 ಮೈಕ್ರೋಗ್ರಾಂ, ಪಿಎಂ 10ಕ್ಕೆ 100. ಹತ್ತು ನಿಮಿಷದ ರೀಡಿಂಗನ್ನು ಈ ಮಿತಿಯ ಪಕ್ಕ ಇಡುವುದೇ ತಪ್ಪು. ದಿನದ ಸರಾಸರಿಯನ್ನೇ ಇಟ್ಟರೂ, ಸೆನ್ಸರ್ 66 ತೋರಿಸಿದರೆ 'ಮಿತಿ ಮೀರಿದೆ' ಅನ್ನಲಾಗದು, 55 ತೋರಿಸಿದರೆ 'ಮಿತಿಯೊಳಗಿದೆ' ಅಂತಲೂ ಅನ್ನಲಾಗದು. ತಿದ್ದುಪಡಿ ಮಾಡದ ಸೆನ್ಸರಿನ ಅನಿಶ್ಚಿತತೆ ಅದಕ್ಕಿಂತ ದೊಡ್ಡದು. ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು ಇದೆ, ಆ ಕಾರ್ಯಕ್ರಮ ಮುಖ್ಯವಾಗಿ ನೋಡುವುದು ಪಿಎಂ 10 ಅನ್ನು. ಆ ಚರ್ಚೆಗೆ ಈ ಸೆನ್ಸರಿನ ಪಿಎಂ 10 ಅಂಕಿ ಒಯ್ದರೆ ಮೊದಲ ಸುತ್ತಿನಲ್ಲೇ ಸೋಲುತ್ತೇವೆ.

ಹೇಳಬಹುದಾದ್ದೂ ಕಡಿಮೆಯೇನಿಲ್ಲ. ಗೇಟಿನ ಬಸ್‌ಸ್ಟಾಪಿನಲ್ಲಿ ನಿಂತವರು ಒಳಗಿನವರಿಗಿಂತ ಸುಮಾರು ಒಂದೂವರೆ ಪಟ್ಟು ಸೂಕ್ಷ್ಮ ಕಣ ಉಸಿರಾಡುತ್ತಾರೆ. ಜನರೇಟರ್ ಓಡುವಾಗ ಅದರ ಪಕ್ಕದ ಸೆಕ್ಯೂರಿಟಿ ಕುರ್ಚಿ ಕ್ಯಾಂಪಸ್‌ನ ಅತಿ ಕೆಟ್ಟ ಜಾಗ. ಇವೆರಡೂ ಹತ್ತು ಸುತ್ತಿನ ಪರೀಕ್ಷೆಯಲ್ಲಿ ಗಟ್ಟಿ ನಿಂತ ಮಾತುಗಳು. ಕುರ್ಚಿಯನ್ನು ಬೇರೆ ಕಡೆ ಹಾಕಲು ಮೈಕ್ರೋಗ್ರಾಂ ಲೆಕ್ಕ ಬೇಕಿಲ್ಲ, ಈ ಹೋಲಿಕೆ ಸಾಕು.

ಇನ್ನು ಕಟ್ಟಡದ ಧೂಳು. ಇಲ್ಲಿ ನಾವು ಅಳತೆಯ ಜಗಳಕ್ಕೆ ಇಳಿಯಬೇಕಾಗಿಯೇ ಇರಲಿಲ್ಲ. ಕೇಂದ್ರ ಪರಿಸರ ಸಚಿವಾಲಯ 2018ರ ಜನವರಿಯಲ್ಲಿ ಹೊರಡಿಸಿದ ನಿಯಮಗಳು, ಕಣಗಳ ಪ್ರಮಾಣ ಮಿತಿ ಮೀರಿದ ಊರುಗಳ ಕಟ್ಟಡ ಕಾಮಗಾರಿಗಳಿಗೆ ಸ್ಪಷ್ಟ ಕೆಲಸಗಳನ್ನು ಹೇಳುತ್ತವೆ: ಮಣ್ಣು, ಮರಳನ್ನು ಹೊದಿಕೆಯಿಲ್ಲದೆ ಬಿಡಬಾರದು, ನೀರು ಚಿಮುಕಿಸುವ ವ್ಯವಸ್ಥೆ ಇರಬೇಕು, ಧೂಳು ತಡೆಗೆ ತೆಗೆದುಕೊಂಡ ಕ್ರಮಗಳನ್ನು ಸ್ಥಳದಲ್ಲೇ ಎದ್ದು ಕಾಣುವಂತೆ ಪ್ರದರ್ಶಿಸಬೇಕು. ಕ್ಯಾಂಪಸ್‌ನ ಧೂಳು ಎಷ್ಟು ಮೈಕ್ರೋಗ್ರಾಂ ಎಂದು ಸಾಬೀತು ಮಾಡಿದ ಮೇಲೆ ಹೊದಿಸಿ ಎಂದು ಅಲ್ಲಿ ಬರೆದಿಲ್ಲ. ಊರಿನ ಗಾಳಿಯ ಲೆಕ್ಕ ಮಂಡಳಿಯದು. ರಾಶಿ ತೆರೆದು ಬಿದ್ದಿದೆ ಎಂದು ತೋರಿಸಲು ದಿನಾಂಕ ಇರುವ ಒಂದು ಫೋಟೋ ಸಾಕು.

ಅದಕ್ಕೇ ನಮ್ಮ ಎರಡನೇ ಮನವಿಯಲ್ಲಿ ಮೂರು ಭಾಗ ಮಾಡಿದೆವು. ಗೇಟು, ಜನರೇಟರಿಗೆ ಸೆನ್ಸರಿನ ಅನುಪಾತಗಳು, ಪರೀಕ್ಷೆಯ ವಿವರ ಸಮೇತ. ಕಟ್ಟಡಕ್ಕೆ ಫೋಟೋ, ಬಕೆಟಿನ ತೂಕ ಮತ್ತು ನಿಯಮದ ಪ್ರತಿ. ಗುಡಿಸುವ ಹೆಂಗಸರ ವಿಷಯದಲ್ಲಿ ಸೆನ್ಸರಿನ ಒಂದು ಅಂಕಿಯನ್ನೂ ಬಳಸಲಿಲ್ಲ. ಅವರು ದಿನಕ್ಕೆ ಎಷ್ಟು ಹೊತ್ತು ಗುಡಿಸುತ್ತಾರೆ, ಏನು ಕೊಟ್ಟಿದ್ದಾರೆ, ಏನು ಕೊಟ್ಟಿಲ್ಲ ಅನ್ನುವುದನ್ನು ಅವರ ಬಾಯಿಂದಲೇ ಕೇಳಿ ಬರೆದೆವು. ಮರಳು ರಾಶಿಗೆ ಈಗ ಹಸಿರು ಬಲೆ ಬಂದಿದೆ. ಕುರ್ಚಿ ಜಾಗ ಬದಲಿಸಿದೆ. ಮಾಸ್ಕ್ ಮತ್ತು ನೀರಿನ ಬೇಡಿಕೆಗೆ ಇನ್ನೂ ಉತ್ತರ ಬಂದಿಲ್ಲ, ಅದರ ಬೆನ್ನು ಬಿದ್ದಿದ್ದೇವೆ.